ಪೈಪು ಕೊಳ್ಳುವ ಮುಂಚೆ ಬರೆಯತಕ್ಕ ಕಾಗದ

ಒಂದು ಹಳ್ಳಿಯನ್ನು ಊಹಿಸಿಕೊಳ್ಳೋಣ. ಕೆರೆಯ ಕೆಳಗಿನ ಬಾವಿಯಿಂದ ದಿಣ್ಣೆಯ ಮೇಲಿನ ತೊಟ್ಟಿಗೆ ನೀರು ಏರಿಸಲು 36 ಮನೆಗಳವರು ಒಟ್ಟಾಗಿ, ಮನೆಗೆ 5,000 ರೂಪಾಯಿಯಂತೆ 1,80,000 ರೂಪಾಯಿ ಕೂಡಿಹಾಕಿದ್ದಾರೆ. ಗುಂಪಿನ ಕಾರ್ಯದರ್ಶಿಯವರು ಪೇಟೆಯ ಮೂರು ಅಂಗಡಿಗಳಿಗೆ ಹೀಗೆ ಬರೆದರು: “ನಮಗೆ ನಾಲ್ಕು ಇಂಚಿನ ಪಿ.ವಿ.ಸಿ. ಪೈಪು ಬೇಕಾಗಿದೆ. ತಮ್ಮ ಕಡಿಮೆ ದರವನ್ನು ತಿಳಿಸಿರಿ.”

ಮೂರು ಉತ್ತರಗಳು ಬಂದವು. ಒಂದರ ದರ ಇನ್ನೊಂದರ ಎರಡರಷ್ಟಿತ್ತು. ಕಡಿಮೆ ದರದವನಿಗೇ ಕೊಡೋಣವೆಂದು ಎಲ್ಲರೂ ಹೇಳುತ್ತಿರುವಾಗ, ಪಂಪು ರಿಪೇರಿ ಮಾಡುವ ಒಬ್ಬ ಸದಸ್ಯರು ಮೂರೂ ಅಂಗಡಿಗಳಿಗೆ ಹೋಗಿ ಪೈಪು ನೋಡಿ ಬಂದರು. ಕಡಿಮೆ ದರದ್ದು ಮನೆಯ ಕೊಳಚೆ ನೀರು ಹರಿದುಹೋಗಲು ಹಾಕುವ ಪೈಪು. ಪಂಪಿನ ಒತ್ತಡಕ್ಕೆ ಅದು ತಾಳದು. ಹೆಚ್ಚು ದರದ್ದು ಕಟ್ಟಡದೊಳಗಿನ ನಲ್ಲಿಗಳಿಗೆ ಬಳಸುವ ಜಾತಿ. ಅದರ ಹೊರ ಅಡ್ಡಳತೆ 114 ಮಿಲಿಮೀಟರು. ಹೊಲದ ಕೆಲಸಕ್ಕೆ ಬರುವ ಪೈಪಿನದು 110 ಮಿಲಿಮೀಟರು. ಎರಡನ್ನೂ ಅಂಗಡಿಯಲ್ಲಿ ನಾಲ್ಕು ಇಂಚು ಎಂದೇ ಕರೆಯುತ್ತಾರೆ. ಆದರೆ ಒಂದರ ಬೆಂಡು ಇನ್ನೊಂದಕ್ಕೆ ಕೂಡುವುದಿಲ್ಲ. ಅಂಗಡಿಯವರು ಮೋಸ ಮಾಡಲಿಲ್ಲ. ಕೇಳಿದವರೇ ಏನು ಬೇಕೆಂದು ಹೇಳಿರಲಿಲ್ಲ.

ಆದ್ದರಿಂದ ಕಾಗದ ಬರೆಯುವ ಮೊದಲು ಎರಡು ಅಳತೆಗಳನ್ನು ತೆಗೆಯತಕ್ಕದ್ದು. ಒಂದು, ದೂರ. ಇದನ್ನು ಕಣ್ಣಂದಾಜಿನಿಂದ ಹೇಳದೆ, ಕಾಲುವೆ ತೋಡುವ ದಾರಿಯಲ್ಲೇ ಟೇಪು ಹಿಡಿದು ಅಳೆಯಬೇಕು. ನಮ್ಮ ಹಳ್ಳಿಯಲ್ಲಿ ಇದು 720 ಮೀಟರು ಬಂದಿತು. ಆರು ಮೀಟರಿನ ಪೈಪಾದರೆ 120 ಬೇಕು. ತುಂಡು ಕತ್ತರಿಸಲೂ ಒಡೆದರೆ ಬದಲಿಸಲೂ ನಾಲ್ಕು ಹೆಚ್ಚು, ಅಂತೂ 124.

ಇನ್ನೊಂದು, ಎತ್ತರ. ಬಾವಿಯ ನೀರಿನ ಮಟ್ಟದಿಂದ ತೊಟ್ಟಿಯ ಬಾಯಿಗೆ 28 ಮೀಟರು. ಹತ್ತು ಮೀಟರು ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಕೊಡುತ್ತದೆ, ಇಲ್ಲಿ 2.8 ಕಿಲೋ ಆಯಿತು. ಪೈಪಿನೊಳಗೆ ನೀರು ಉಜ್ಜಿಕೊಂಡು ಹೋಗುವುದರಿಂದಲೂ, ಕರೆಂಟು ಹೋಗಿ ಪಂಪು ಥಟ್ಟನೆ ನಿಂತಾಗ ಬೀಳುವ ಹೊಡೆತದಿಂದಲೂ ಇದು ಇನ್ನಷ್ಟು ಏರುತ್ತದೆ. ನಾಲ್ಕು ಕಿಲೋ ತಾಳುವ ಪೈಪು ತೀರ ಅಂಚಿನದಾಗುತ್ತದೆಂದು, ಇಂಜಿನಿಯರರನ್ನು ಕೇಳಿ, ಆರು ಕಿಲೋದ ಪೈಪನ್ನು ಗೊತ್ತುಮಾಡಿದರು. ಭಾರತೀಯ ಮಾನಕ ಐ.ಎಸ್. 4985ರಲ್ಲಿ ಇದಕ್ಕೆ ಮೂರನೆಯ ದರ್ಜೆ ಎಂದು ಹೆಸರು.

ಇಷ್ಟಾದ ಮೇಲೆ ಬರೆದ ಎರಡನೆಯ ಕಾಗದ ಹೀಗಿತ್ತು:

“ಮಾನ್ಯರೇ, ಕೆಳಗೆ ಕಾಣಿಸಿದ ಮಾಲಿಗೆ ತಮ್ಮ ದರಪಟ್ಟಿಯನ್ನು ಕಳುಹಿಸಬೇಕಾಗಿ ಕೋರುತ್ತೇವೆ. ಮಾಲು: ಒತ್ತಡದ ನೀರಿಗೆ ಬಳಸುವ ಗಡಸು ಪಿ.ವಿ.ಸಿ. ಪೈಪು, ಐ.ಎಸ್. 4985ರ ಪ್ರಕಾರ, ಐ.ಎಸ್.ಐ. ಗುರುತುಳ್ಳದ್ದು, ಹೊರ ಅಡ್ಡಳತೆ 110 ಮಿಲಿಮೀಟರು, ದರ್ಜೆ 3, ಆರು ಕಿಲೋ, ಒಂದು ತುದಿಯಲ್ಲಿ ಅಂಟು ಹಾಕಿ ಕೂಡಿಸುವ ಸಾಕೆಟ್ಟು, ಸಾಕೆಟ್ಟನ್ನು ಬಿಟ್ಟು ಉದ್ದ 6 ಮೀಟರು. ಸಂಖ್ಯೆ: 124. ತಲುಪಿಸುವ ಸ್ಥಳ: ನಮ್ಮ ಊರಿನ ಶಾಲೆಯ ಹಿಂದಿನ ಬಯಲು, ಲಾರಿ ಅಲ್ಲಿಯವರೆಗೆ ಬರುತ್ತದೆ, ಇಳಿಸುವ ಕೂಲಿ ತಮ್ಮದು. ಆರ್ಡರು ಕೊಟ್ಟ 15 ದಿನಗಳೊಳಗೆ ಮಾಲು ಬರತಕ್ಕದ್ದು. ಒಂದು ಪೈಪಿಗೆ ತೆರಿಗೆ, ಸಾಗಣೆ, ಕೂಲಿ ಎಲ್ಲ ಸೇರಿದ ದರವನ್ನೂ ತಯಾರಕರ ಹೆಸರನ್ನೂ ಬರೆಯಿರಿ. ದರವು 30 ದಿನ ಬದಲಾಗಬಾರದು. ಮಾರ್ಚ್ 10ನೆಯ ತಾರೀಖು ಮಧ್ಯಾಹ್ನ 3 ಗಂಟೆಯೊಳಗೆ ಮುಚ್ಚಿದ ಲಕೋಟೆಯು ಕಾರ್ಯದರ್ಶಿಗೆ ತಲುಪಬೇಕು. ಅದೇ ದಿನ 4 ಗಂಟೆಗೆ ಶಾಲೆಯಲ್ಲಿ ಲಕೋಟೆಗಳನ್ನು ತೆರೆಯಲಾಗುವುದು, ತಾವೂ ಬರಬಹುದು.”

ಇಳಿಸುವ ಸ್ಥಳವನ್ನು ಇಷ್ಟು ಬಿಡಿಸಿ ಬರೆದುದಕ್ಕೆ ಕಾರಣವುಂಟು. “ಊರಿಗೆ ತಲುಪಿಸುವುದು” ಎಂದಷ್ಟೇ ಬರೆದರೆ ಲಾರಿಯವನು ಬಸ್‌ಸ್ಟಾಂಡಿನಲ್ಲಿ ಇಳಿಸಿ ಹೋದಾನು. ಟ್ರ್ಯಾಕ್ಟರಿನ ಟ್ರೈಲರಿಗೆ ಆರು ಮೀಟರಿನ ಪೈಪು ಬಹಳ ಉದ್ದ. ಹಿಂದೆ ಜೋತಾಡುತ್ತ ನೆಲಕ್ಕೆ ತಗಲಿ ತುದಿ ಒಡೆಯುತ್ತದೆ.

ಒಂದೇ ಒಕ್ಕಣೆಯ ಕಾಗದವನ್ನು ಒಂದೇ ದಿನ ಎಲ್ಲರಿಗೂ ಕೊಟ್ಟು, ನಕಲಿನ ಮೇಲೆ ಸಹಿ ಪಡೆಯಬೇಕು. ಅಣ್ಣನ ಅಂಗಡಿ, ತಮ್ಮನ ಅಂಗಡಿ ಎಂದು ಎರಡು ಬೋರ್ಡು ಇದ್ದರೆ ಅದು ಎರಡು ದರಪಟ್ಟಿಯಲ್ಲ. ಮೂರು ಪಟ್ಟಿಗಳಲ್ಲೂ ಒಂದೇ ಕೈಬರಹ, ಒಂದೇ ಕಾಗುಣಿತದ ತಪ್ಪು ಕಂಡರೆ ಒಬ್ಬರೇ ಕುಳಿತು ಬರೆದದ್ದೆಂದು ತಿಳಿಯಬಹುದು.

ಈಗ ಬಂದ ಉತ್ತರಗಳನ್ನು ನೋಡೋಣ. (ದರಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು, ಪೇಟೆಯ ದರಗಳಲ್ಲ.) ಕೇಳಿದಂತೆಯೇ ಎಲ್ಲರೂ ಬರೆಯುತ್ತಾರೆಂದು ನಂಬಬಾರದು. ಮೊದಲನೆಯವರು ಪೈಪಿಗೆ 1,180 ರೂಪಾಯಿ, ತೆರಿಗೆ ಬೇರೆ, ಮಾಲು ಅಂಗಡಿಯಲ್ಲೇ ಎಂದು ಬರೆದಿದ್ದರು. ಎರಡನೆಯವರು ಮೀಟರಿಗೆ 238 ರೂಪಾಯಿ, ಎಲ್ಲವೂ ಸೇರಿ. ಮೂರನೆಯವರು ಪೈಪಿಗೆ 1,440 ರೂಪಾಯಿ, ಎಲ್ಲವೂ ಸೇರಿ.

ಮೇಲುನೋಟಕ್ಕೆ ಮೊದಲನೆಯವರದೇ ಅಗ್ಗ. ಆದರೆ ನೂರಕ್ಕೆ 18ರಂತೆ ತೆರಿಗೆ ಸೇರಿದರೆ ಪೈಪು 1,392 ರೂಪಾಯಿ 40 ಪೈಸೆಯಾಗಿ, 124ಕ್ಕೆ 1,72,657 ರೂಪಾಯಿ 60 ಪೈಸೆ ಆಯಿತು. ಲಾರಿಗೆ 6,000, ಏರಿಸಿ ಇಳಿಸಲು 1,500 ಕೂಡಿಸಿದರೆ ಒಟ್ಟು 1,80,157 ರೂಪಾಯಿ ಮೀರಿತು. ಕೂಡಿದ ಹಣ ಸಾಲದು.

ಎರಡನೆಯವರ ಪೈಪು ಆರು ಮೀಟರಿಗೆ 1,428 ರೂಪಾಯಿ, 124ಕ್ಕೆ 1,77,072. ಇದೇ ಕಡಿಮೆಯೆಂದು ತೋರಿತು. ಆದರೆ ಮೀಟರಿನ ಲೆಕ್ಕ ಕಂಡು ಕಾರ್ಯದರ್ಶಿಯವರಿಗೆ ಸಂದೇಹ ಬಂದು, ದರವನ್ನು ಚೌಕಾಸಿ ಮಾಡದೆ, ಒಂದೇ ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೇಳಿದರು: ಆರು ಮೀಟರು ಸಾಕೆಟ್ಟನ್ನು ಬಿಟ್ಟೋ, ಸೇರಿಯೋ? ಸೇರಿ ಎಂದು ಉತ್ತರ ಬಂದಿತು. ಸಾಕೆಟ್ಟು 10 ಸೆಂಟಿಮೀಟರು. ಒಂದರೊಳಗೊಂದು ಸೇರಿದಾಗ ಅಷ್ಟು ಉದ್ದ ಮುಚ್ಚಿಹೋಗಿ, ಪ್ರತಿ ಪೈಪಿನಿಂದ ದಾರಿ ಸಾಗುವುದು 5.9 ಮೀಟರು ಮಾತ್ರ. 720 ಮೀಟರಿಗೆ 123 ಪೈಪು, ಹೆಚ್ಚಿನ ನಾಲ್ಕು ಸೇರಿ 127 ಬೇಕಾಗಿ, ಒಟ್ಟು 1,81,356 ರೂಪಾಯಿ ಆಯಿತು.

ಮೂರನೆಯವರದು 1,78,560. ಅವರು ಕೇಳಿದ್ದಕ್ಕೆ ಕೇಳಿದಂತೆ ಬರೆದಿದ್ದರು. ಆರ್ಡರು ಅವರಿಗೇ ಹೋಯಿತು. ಮೂರೂ ಲೆಕ್ಕಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಸಭೆಯಲ್ಲಿ ಓದಿದ್ದರಿಂದ, ಅಗ್ಗದ ದರವನ್ನು ಏಕೆ ಬಿಟ್ಟಿರೆಂದು ಯಾರೂ ಕೇಳಬೇಕಾಗಲಿಲ್ಲ.

ಲಕೋಟೆ ತೆರೆದ ಸಂಜೆ ನಾಲ್ಕನೆಯ ಅಂಗಡಿಯವರೊಬ್ಬರು ಬಂದು, “ಇನ್ನೂ ಇಪ್ಪತ್ತು ರೂಪಾಯಿ ಇಳಿಸಿಕೊಡುತ್ತೇನೆ” ಎಂದರು. ಇತರರ ದರ ಹೊರಬಿದ್ದ ಮೇಲೆ ಬಂದ ಮಾತು ಅದು. ಒಪ್ಪಿದ್ದರೆ ಮುಂದಿನ ಸಲ ಯಾರೂ ಹೊತ್ತಿಗೆ ಸರಿಯಾಗಿ ಲಕೋಟೆ ಕೊಡುತ್ತಿರಲಿಲ್ಲ.

ಇದು ಗುಂಪಿನವರು ತಮ್ಮ ಸ್ವಂತ ಹಣದಿಂದ ಕೊಳ್ಳುವ ಕ್ರಮ. ಗ್ರಾಮ ಪಂಚಾಯತಿಯ ಹಣವಾದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಅನ್ವಯಿಸುತ್ತದೆ. ಎಷ್ಟು ಮೊತ್ತದವರೆಗೆ ದರಪಟ್ಟಿ ಸಾಕು, ಯಾವಾಗ ಟೆಂಡರು ಕರೆಯಬೇಕು ಎಂಬುದನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಆರ್ಡರಿನ ಜೊತೆಗೆ ಆ ಎರಡನೆಯ ಕಾಗದದ ನಕಲನ್ನೂ ಲಗತ್ತಿಸಿದರು. ಲಾರಿ ಬಂದ ದಿನ ಅದೇ ನಕಲನ್ನು ಕೈಯಲ್ಲಿ ಹಿಡಿದು, ಪೈಪಿನ ಮೈಮೇಲೆ ಅಚ್ಚಾದ ಐ.ಎಸ್.ಐ. ಗುರುತು, ಅಳತೆ, ದರ್ಜೆ, ತಯಾರಕರ ಹೆಸರುಗಳನ್ನು ಓದಿ ನೋಡಿದರು. ಸಾಕೆಟ್ಟಿನ ಬುಡದಿಂದ ಇನ್ನೊಂದು ತುದಿಗೆ ಟೇಪು ಹಿಡಿದರು. ರಸೀದಿಗೆ ಸಹಿ ಹಾಕಿದ್ದು 124 ಎಣಿಸಿ ಮುಗಿದ ಮೇಲೆ.