ಗೋಡೆಯ ಆಚೆ ಬದಿಯಲ್ಲಿ ಗಾರೆ ಎಲ್ಲಿದೆ? — ಇಟ್ಟಿಗೆ ಲೆಕ್ಕದ ಒಂದು ಅಭ್ಯಾಸ ಪಾಠ

ಮುರುಗಮಲ್ಲದಲ್ಲಿ 9ನೇ ತರಗತಿಗೆ ಘನಫಲದ ಪಾಠ ಮಾಡಲು ಹೋದಾಗ ನನ್ನ ಪಾಠಯೋಜನೆಯಲ್ಲಿ ಉತ್ತರ 494 ಎಂದು ಬರೆದುಕೊಂಡಿದ್ದೆ. ಅದು ತಪ್ಪು ಎಂದು ತೋರಿಸಿದವಳು ಎರಡನೇ ಬೆಂಚಿನ ಹುಡುಗಿ. ಅವಳ ತಂದೆ ಗಾರೆ ಕೆಲಸದವರು.

ಲೆಕ್ಕ ಹೀಗಿತ್ತು: 4 ಮೀಟರ್ ಉದ್ದ, 2.5 ಮೀಟರ್ ಎತ್ತರದ ಅಡ್ಡಗೋಡೆ. ದಪ್ಪ ಒಂದು ಇಟ್ಟಿಗೆಯ ಅಗಲದಷ್ಟು, ಅಂದರೆ ಮೇಸ್ತ್ರಿಗಳು ನಾಲ್ಕೂವರೆ ಇಂಚಿನ ಗೋಡೆ ಎನ್ನುವುದು. ತರಗತಿಗೆ ತಂದಿದ್ದ ಇಟ್ಟಿಗೆಗಳನ್ನು ಮಕ್ಕಳೇ ಅಳೆದರು: 22 × 10 × 7 ಸೆಂ.ಮೀ. ಗೋಡೆಯ ದಪ್ಪ 10 ಸೆಂ.ಮೀ. ಆದ್ದರಿಂದ ಘನಫಲ ಸರಿಯಾಗಿ 1 ಘನ ಮೀಟರ್. ಇಟ್ಟಿಗೆಯ ಘನಫಲ 1540 ಘನ ಸೆಂ.ಮೀ. ಭಾಗಿಸಿದರೆ ಸುಮಾರು 650 ಇಟ್ಟಿಗೆ. ಸಂದಿನಲ್ಲಿ ಗಾರೆ ಇರುತ್ತದೆ ಎಂದು ಮಕ್ಕಳಿಂದಲೇ ಹೇಳಿಸಿ, 1 ಸೆಂ.ಮೀ. ಸಂದನ್ನು ಮೂರೂ ಅಳತೆಗೆ ಕೂಡಿಸಿ 23 × 11 × 8 ಎಂದು ಬರೆದು, 10,00,000 ÷ 2024 = 494 ಎಂದು ಮುಗಿಸಿದೆ.

‘ಸಾರ್, ಗೋಡೆ ಆಚೆ ಕಡೆ ಗಾರೆ ಎಲ್ಲಿದೆ?’ ಎಂದಳು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳೇ ಎದ್ದು ಬಂದು, ನಾಲ್ಕು ಇಟ್ಟಿಗೆಗಳನ್ನು ಎರಡು ವರಸೆಯಾಗಿ ಮೇಜಿನ ಮೇಲೆ ಜೋಡಿಸಿ, ನಡುವೆ ಮರದ ಪಟ್ಟಿ ಇಟ್ಟಳು. ಪಕ್ಕದ ಇಟ್ಟಿಗೆಯ ಜೊತೆ ಒಂದು ಸಂದು, ಮೇಲಿನ ಇಟ್ಟಿಗೆಯ ಜೊತೆ ಇನ್ನೊಂದು. ದಪ್ಪದ ದಿಕ್ಕಿನಲ್ಲಿ ಟೇಪು ಹಿಡಿದರೆ 10 ಸೆಂ.ಮೀ. ಮಾತ್ರ, 11 ಅಲ್ಲ. ಆ ಬದಿಯಲ್ಲಿ ಇನ್ನೊಂದು ಇಟ್ಟಿಗೆಯೇ ಇಲ್ಲದಿರುವಾಗ ಸಂದು ಎಲ್ಲಿಂದ ಬರಬೇಕು? ನಾನು ಇಲ್ಲದ ಗಾರೆಗೆ ಜಾಗ ಕೊಟ್ಟಿದ್ದೆ.

ಆದ್ದರಿಂದ ಇಂಥ ಗೋಡೆಗೆ ಘನಫಲಕ್ಕಿಂತ ಮುಂಭಾಗದ ವಿಸ್ತೀರ್ಣ ಹಿಡಿಯುವುದೇ ಸುಲಭ. ಸಂದಿನೊಂದಿಗೆ ಒಂದು ಇಟ್ಟಿಗೆ ಆಕ್ರಮಿಸುವ ಮುಖ 23 × 8 = 184 ಚದರ ಸೆಂ.ಮೀ. ಗೋಡೆ 1,00,000 ಚದರ ಸೆಂ.ಮೀ. ಭಾಗಿಸಿದರೆ 543.5, ಅಂದರೆ 544 ಇಟ್ಟಿಗೆ. ನನ್ನ ಉತ್ತರ ನಂಬಿ ತರಿಸಿದವರಿಗೆ 50 ಇಟ್ಟಿಗೆ ಕಡಿಮೆ ಬೀಳುತ್ತಿತ್ತು. ಅದು ಹೆಚ್ಚುಕಡಿಮೆ ಮೂರು ವರಸೆ.

ಹಾಗಾದರೆ ಮೂರೂ ಕಡೆ ಸಂದು ಕೂಡಿಸುವ ಸೂತ್ರ ಸುಳ್ಳೇ ಎಂದು ಒಬ್ಬ ಕೇಳಿದ. ಅಲ್ಲ. ಒಂಬತ್ತು ಇಂಚಿನ ಗೋಡೆಯಲ್ಲಿ ದಪ್ಪಕ್ಕೆ ಎರಡು ಇಟ್ಟಿಗೆ, ನಡುವೆ ಒಂದು ಸಂದು. ಅದರ ದಪ್ಪ 22 ಎಂದು ಹಿಡಿದರೆ 22 ÷ 11 = 2, ಸರಿಹೋಗುತ್ತದೆ. ಸೂತ್ರ ದಪ್ಪ ಗೋಡೆಗೆ ಹೊಂದುತ್ತದೆ, ತೆಳು ಗೋಡೆಗೆ ಹೊಂದುವುದಿಲ್ಲ.

ಇನ್ನು ಗಾರೆ. ಇಟ್ಟಿಗೆಗಳೇ 0.837 ಘನ ಮೀಟರ್ ಆದಮೇಲೆ ಉಳಿದದ್ದು 0.163. ನಾನು ಇಲ್ಲಿಗೇ ನಿಲ್ಲಿಸುವವನಿದ್ದೆ. ಆದರೆ ಇಟ್ಟಿಗೆಯ ಮೇಲಿನ ತಗ್ಗಿನಲ್ಲೂ ಗಾರೆ ತುಂಬುತ್ತದಲ್ಲ! ಅದನ್ನು ಅಳೆದಾಗ ಸುಮಾರು 10 × 4 × 1 ಸೆಂ.ಮೀ. ಒಂದರಲ್ಲಿ ನೋಡಿದರೆ ಏನೂ ಅಲ್ಲ. 544 ಇಟ್ಟಿಗೆಗೆ 0.022 ಘನ ಮೀಟರ್. ಒಟ್ಟು ಹಸಿ ಗಾರೆ 0.185. ನೀರು ಹಾಕಿ ಕಲಸಿದಾಗ ಮರಳಿನ ಸಂದಿಗಳಿಗೆ ಸಿಮೆಂಟ್ ಇಳಿದು ಪರಿಮಾಣ ಕುಗ್ಗುವುದರಿಂದ ಒಣ ಸಾಮಗ್ರಿಗೆ 1.33ರಿಂದ ಗುಣಿಸುವುದು ವಾಡಿಕೆ: 0.246. ಒಂದಕ್ಕೆ ಆರರ ಮಿಶ್ರಣದಲ್ಲಿ ಏಳನೇ ಒಂದು ಭಾಗ ಸಿಮೆಂಟ್, 0.035 ಘನ ಮೀಟರ್. ಘನ ಮೀಟರಿಗೆ 1440 ಕೆ.ಜಿ.ಯಂತೆ ಅದು 50 ಕೆ.ಜಿ.ಯ ಒಂದು ಚೀಲ. ಮರಳು 0.211 ಘನ ಮೀಟರ್, ಸುಮಾರು ಏಳೂವರೆ ಘನ ಅಡಿ. ಕೆಳಗೆ ಉದುರುವ ಗಾರೆ ಇದರಲ್ಲಿ ಸೇರಿಲ್ಲ, ಹಾಗಾಗಿ ಒಂದೇ ಚೀಲ ತಂದರೆ ಕೊನೆಯ ವರಸೆಗಳಲ್ಲಿ ಕೈಕಟ್ಟಿ ಕೂರಬೇಕಾದೀತು.

ಇಟ್ಟಿಗೆಗೆ ನಷ್ಟ ಶೇ. 5 ಸೇರಿಸಿ 572 ಎಂದೆವು. ವರಸೆ ಬಿಟ್ಟು ವರಸೆ ತುದಿಯಲ್ಲಿ ಬರುವ ಅರ್ಧ ಇಟ್ಟಿಗೆ ನಷ್ಟವಲ್ಲ, ಇನ್ನರ್ಧವೂ ಬಳಕೆಯಾಗುವುದಾದರೆ.

ಕೊನೆಗೆ ಆ ಹುಡುಗಿ, ‘ನಮ್ಮಪ್ಪ ಕಟ್ಟೋ ಸಂದು ಒಂದೂವರೆ ಸೆಂಟಿಮೀಟರ್ ಇರತ್ತೆ ಸಾರ್’ ಎಂದಳು. ಗಂಟೆ ಹೊಡೆಯಲು ಎಂಟು ನಿಮಿಷ ಇತ್ತು, ಎಲ್ಲರೂ ಮಾಡಿದರು: 23.5 × 8.5, ಇಟ್ಟಿಗೆ 501ಕ್ಕೆ ಇಳಿಯಿತು. ಆದರೆ ತಗ್ಗು ಬಿಟ್ಟು ಗಾರೆ 0.163ರಿಂದ 0.229ಕ್ಕೆ ಏರಿತು. ಇಟ್ಟಿಗೆಯ ಉಳಿತಾಯ ಶೇ. 8, ಸಂದಿನ ಗಾರೆಯ ಹೆಚ್ಚಳ ಶೇ. 40. ಸಂದು ಎಷ್ಟೆಂದು ತಿಳಿಯಲು ಒಂದೇ ಸಂದನ್ನು ಅಳೆಯಬೇಡಿ, ಕಟ್ಟಿದ ಗೋಡೆಯಲ್ಲಿ ಹತ್ತು ವರಸೆಯ ಎತ್ತರ ಅಳೆದು ಹತ್ತರಿಂದ ಭಾಗಿಸಿ ಇಟ್ಟಿಗೆಯ 7 ಸೆಂ.ಮೀ. ಕಳೆಯಿರಿ ಎಂದು ಮನೆಗೆಲಸ ಕೊಟ್ಟೆ. ಪಾಠಯೋಜನೆಯಲ್ಲಿ 494ನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ ಅವಳ ಪ್ರಶ್ನೆಯನ್ನು ಹಾಗೆಯೇ ಬರೆದಿಟ್ಟಿದ್ದೇನೆ.