ಬಹಳ ವರ್ಷ ಇಗರ್ಜಿಗೆ ಬಾರದವರಿಗೆ ಬರೆಯುವ ಕಾಗದ

ತಪಸ್ಸು ಕಾಲ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಇಗರ್ಜಿಗಳಲ್ಲಿ ಪಾಪನಿವೇದನೆಯ ದಿನಗಳನ್ನು ಪ್ರಕಟಿಸುತ್ತಾರೆ. ಬಲಿಪೂಜೆಯ ಕೊನೆಗೆ ಓದುವ ಆ ಪ್ರಕಟಣೆ ಬಲಿಪೂಜೆಗೆ ಬಂದವರ ಕಿವಿಗಷ್ಟೇ ಬೀಳುತ್ತದೆ. ಹತ್ತಿಪ್ಪತ್ತು ವರ್ಷ ಬಾರದವರಿಗೆ ಯಾರಾದರೂ ಬೇರೆಯಾಗಿ ಬರೆಯಬೇಕು, ಮತ್ತು ಬೇರೆ ರೀತಿಯಲ್ಲಿ ಬರೆಯಬೇಕು. ನಾನೂ ಬಹಳ ಕಾಲ ದೂರವಿದ್ದು ಮರಳಿದವನು. ಆ ಕತೆ ಇಲ್ಲಿ ಬೇಡ. ಅದರಿಂದ ಮನವರಿಕೆಯಾದ ಒಂದು ಸಂಗತಿಯನ್ನಷ್ಟೇ ಹೇಳುತ್ತೇನೆ. ಇಂಥವರಲ್ಲಿ ಬಹಳಷ್ಟು ಜನರನ್ನು ತಡೆದಿರುವುದು ಅವಿಶ್ವಾಸವಲ್ಲ. ಒಳಗೆ ಕಾಲಿಟ್ಟ ಮೇಲೆ ಏನು ಮಾಡಬೇಕು, ಯಾರು ಏನು ಕೇಳುತ್ತಾರೆ ಎಂಬುದು ಗೊತ್ತಿಲ್ಲದ ಭಯ. ಆದ್ದರಿಂದ ಅವರಿಗೆ ಹೋಗುವ ಕಾಗದದಲ್ಲಿ ಉಪದೇಶಕ್ಕಿಂತ ಕ್ರಮದ ವಿವರ ಇರಬೇಕು.

ಆ ಭಯ ಗಟ್ಟಿಯಾಗುವ ಜಾಗ ಒಂದೇ, ಕುಮ್ಸಾರಿಗೆ ನಿಂತವರ ಸಾಲು. ಕುಮ್ಸಾರಿನ ಮೊದಲ ಮಾತೇ ಹಿಂದಿನ ಪಾಪನಿವೇದನೆ ಮಾಡಿ ಎಷ್ಟು ಕಾಲವಾಯಿತು ಎಂದು ಹೇಳುವುದು. ಪ್ರತಿ ತಿಂಗಳೂ ಬರುವವರಿಗೆ ಅದು ಬಾಯಿಪಾಠ. ಮದುವೆಯ ಹಿಂದಿನ ದಿನ ಕೊನೆಯ ಸಲ ಮಾಡಿ, ಆಮೇಲೆ ಮುಂಬೈಗೋ ಕೊಲ್ಲಿಗೋ ಹೋಗಿ ಹದಿನೆಂಟು ವರ್ಷ ಕಳೆದವರಿಗೆ ಆ ಒಂದು ವಾಕ್ಯವೇ ಇಡೀ ನಿವೇದನೆಗಿಂತ ಭಾರ. ಮುಂದೆ ಐದಾರು ಜನರಿದ್ದಾರೆ, ಅದರಲ್ಲಿ ಇಬ್ಬರು ಚಿಕ್ಕಂದಿನಿಂದ ಬಲ್ಲವರು. ಪಶ್ಚಾತ್ತಾಪದ ಪ್ರಾರ್ಥನೆಯ ಮೊದಲ ಸಾಲು ನೆನಪಿದೆ, ಎರಡನೆಯದು ಬರುವುದಿಲ್ಲ. ಒಳಗೆ ಮಂಡಿಯೂರಬೇಕೋ, ಕುರ್ಚಿಯಲ್ಲಿ ಕೂರಬೇಕೋ ತಿಳಿಯದು. ಪಾಪಗಳ ಲೆಕ್ಕ ಎಲ್ಲಿಂದ ಶುರು ಮಾಡುವುದು? ಅಷ್ಟರಲ್ಲಿ ಪಕ್ಕದಲ್ಲಿ ಯಾರೋ, ಇವತ್ತಾದರೂ ದಾರಿ ಗೊತ್ತಾಯಿತಲ್ಲ ಎಂದುಬಿಡುತ್ತಾರೆ. ಹೇಳಿದವರು ಪ್ರೀತಿಯಿಂದಲೇ ಹೇಳಿರಬಹುದು. ಆದರೆ ಸಾಲಿನಿಂದ ಸರಿದು ಹೊರಗೆ ಹೋಗಲು ಅಷ್ಟು ಸಾಕು, ಹಾಗೆ ಹೋದವರು ಮತ್ತೆಷ್ಟೋ ವರ್ಷ ಬರುವುದಿಲ್ಲ. ಈ ತಪ್ಪು ಬಾಗಿಲಲ್ಲಿ ನಿಂತ ನಮ್ಮಂಥವರದು ಎಂದೇ ನನ್ನ ಅಭಿಪ್ರಾಯ.

ವಿಚಿತ್ರವೆಂದರೆ ಇವರು ಹೆದರುವಷ್ಟನ್ನು ಧರ್ಮಸಭೆ ಕೇಳುವುದೇ ಇಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 988ನೇ ವಿಧಿಯ ಪ್ರಕಾರ ಆತ್ಮಪರಿಶೋಧನೆ ಮಾಡಿದಾಗ ನೆನಪಿಗೆ ಬರುವ ಗಂಭೀರ ಪಾಪಗಳನ್ನು ಅವುಗಳ ಬಗೆ ಮತ್ತು ಸಂಖ್ಯೆಯೊಂದಿಗೆ ಹೇಳಬೇಕು. ಸಂಖ್ಯೆ ಎಂದೊಡನೆ ಎದೆ ನಡುಗುತ್ತದೆ. ಆದರೆ ಹದಿನೆಂಟು ವರ್ಷಗಳ ಭಾನುವಾರಗಳನ್ನು ಎಣಿಸಲು ಯಾರೂ ಹೇಳುವುದಿಲ್ಲ. ಮದುವೆಯಾದಾಗಿನಿಂದ ಹಬ್ಬಗಳಿಗೆ ಬಿಟ್ಟರೆ ಬಲಿಪೂಜೆಗೆ ಹೋಗಿಲ್ಲ ಎಂದರೆ ಅದೇ ಸಂಖ್ಯೆ. ಅಣ್ಣನೊಂದಿಗೆ ಆಸ್ತಿಯ ಜಗಳವಾಗಿ ಮಾತು ಬಿಟ್ಟು ಬಹಳ ವರ್ಷವಾಯಿತು ಎಂದರೆ ಅದೂ ಸಾಕು. ಪ್ರಾಮಾಣಿಕವಾಗಿ ಹುಡುಕಿಯೂ ನೆನಪಿಗೆ ಬಾರದೆ ಉಳಿದ ಪಾಪ ಅದೇ ಪಾಪವಿಮೋಚನೆಯಲ್ಲಿ ಸೇರಿಹೋಗುತ್ತದೆ ಎಂದು ಟ್ರೆಂಟ್ ಮಹಾಸಭೆ 1551ರಲ್ಲೇ ಹೇಳಿದೆ. ಗುರುಗಳು ಪ್ರಶ್ನೆ ಕೇಳುವಾಗ ವಿವೇಕ ಮತ್ತು ಸಂಯಮ ಇರಬೇಕೆಂದು 979ನೇ ವಿಧಿ ಅವರನ್ನೇ ಕಟ್ಟುತ್ತದೆ. ಊರಿನ ಗುರುಗಳ ಮುಂದೆ ಹೇಳಲು ಸಂಕೋಚವೇ? ಅಧಿಕಾರ ಪಡೆದ ಯಾವ ಗುರುಗಳ ಬಳಿಗಾದರೂ ಹೋಗುವ ಸ್ವಾತಂತ್ರ್ಯ 991ನೇ ವಿಧಿಯಲ್ಲಿದೆ. ಕೇಳಿದ್ದನ್ನು ಹೊರಗೆ ಬಿಟ್ಟುಕೊಟ್ಟು ಪಾಪಿಯನ್ನು ಬಯಲು ಮಾಡಿದ ಗುರುವಿಗೆ ತಾನೇ ತಾನಾಗಿ ಬಹಿಷ್ಕಾರ ಬೀಳುತ್ತದೆ. ಪರಮಪ್ರಸಾದಕ್ಕೆ ಮೊದಲು ಮಧ್ಯರಾತ್ರಿಯಿಂದ ಉಪವಾಸವಿರಬೇಕೆಂದು ಕೇಳಿ ಬೆಳೆದ ಹಿರಿಯರಿಗೂ ಒಂದು ಮಾತು ತಲುಪಬೇಕು: 1964ರಿಂದ ಅದು ಒಂದೇ ಗಂಟೆ, ಕಾಯಿಲೆಯವರಿಗೆ ಮತ್ತು ವಯಸ್ಸಾದವರಿಗೆ ಅದೂ ಕಡ್ಡಾಯವಲ್ಲ. ಇವು ಹೊಸ ರಿಯಾಯಿತಿಗಳಲ್ಲ, ಇರುವ ಕಾನೂನು. ಇದನ್ನು ತಿಳಿಸದೆ ಬನ್ನಿ ಬನ್ನಿ ಎಂದು ಎಷ್ಟು ಕರೆದರೂ ಭಯ ಇದ್ದಲ್ಲೇ ಇರುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ತಪ್ಪಿನ ಮಾತೇ ಎತ್ತದೆ ಕರೆದರೆ ಪಾಪಕ್ಕೆ ಬೆಲೆಯೇ ಇಲ್ಲದಂತಾಗುವುದಿಲ್ಲವೇ, ಪ್ರತಿ ಭಾನುವಾರ ತಪ್ಪದೆ ಬಂದವರಿಗೆ ಅನ್ಯಾಯವಲ್ಲವೇ ಎಂದು ಕೇಳುತ್ತಾರೆ. ಪಾಪದ ಮಾತು ಬೇಡ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಜಾಗ ಕುಮ್ಸಾರಿನ ಒಳಗೆ, ಹೇಳಬೇಕಾದವರು ಪಾಪ ಮಾಡಿದವರೇ. ಆಮಂತ್ರಣ ಬರೆಯುವವನಿಗೆ ಆ ಅಧಿಕಾರವಿಲ್ಲ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಮನೆ ಬಿಟ್ಟು ಹೋದ ಮಗ ತಂದೆಯ ಮುಂದೆ ಹೇಳಲು ಒಂದು ಮಾತನ್ನು ಕಲಿತುಕೊಂಡು ಹೊರಡುತ್ತಾನೆ, ತನ್ನನ್ನು ಕೂಲಿಯಾಳಾಗಿ ಇಟ್ಟುಕೊಳ್ಳಿ ಎಂಬ ಬೇಡಿಕೆ ಅದರ ಕೊನೆಯಲ್ಲಿದೆ. ಅವನಿನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ. ಮಗ ತಪ್ಪು ಒಪ್ಪಿಕೊಳ್ಳುತ್ತಾನೆ, ತಂದೆ ಅದನ್ನು ತಡೆಯುವುದಿಲ್ಲ, ಆದರೆ ಮಾತು ಕೂಲಿಯಾಳಿನವರೆಗೆ ಹೋಗುವ ಮೊದಲೇ ಉಡುಪು ತರಲು ಹೇಳುತ್ತಾನೆ. ಅಪ್ಪುಗೆ ಮೊದಲು, ನಿವೇದನೆ ಆಮೇಲೆ. ಅನ್ಯಾಯವಾಯಿತು ಎಂದು ಹೊರಗೆ ನಿಂತ ಹಿರಿಯ ಮಗನನ್ನು ಕರೆಯಲೂ ಅದೇ ತಂದೆ ಅಂಗಳಕ್ಕೆ ಬರುತ್ತಾನೆ, ಅವನ ಪಾಲು ಕಡಿಮೆಯಾಗಿಲ್ಲ ಎಂದು ತಿಳಿಹೇಳುತ್ತಾನೆ. ಈ ಅನುಕ್ರಮವನ್ನು ತಿರುಗುಮುರುಗು ಮಾಡುವ ಹಕ್ಕು ನಮಗೆಲ್ಲಿಂದ ಬಂತು?

ಎರಡನೆಯ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಎಲ್ಲರಿಗೂ ದಾರಿ ಇಷ್ಟು ಸಲೀಸಲ್ಲ. ರಿಜಿಸ್ಟ್ರಾರ್ ಕಚೇರಿಯಲ್ಲಷ್ಟೇ ಮದುವೆಯಾದ ಕಥೋಲಿಕರಿದ್ದಾರೆ, ವಿಚ್ಛೇದನ ಪಡೆದು ಮತ್ತೆ ಮದುವೆಯಾದವರಿದ್ದಾರೆ. ಅವರಿಗೆ ಎಲ್ಲವೂ ಸರಿಹೋಗುತ್ತದೆ ಎಂದು ಬರೆದು, ಪರಮಪ್ರಸಾದದ ಸಾಲಿನಲ್ಲಿ ಬೇರೆ ಮಾತು ಕೇಳಿಸಿದರೆ ಅದು ವಂಚನೆ. ಆಮಂತ್ರಣ ನಿಜ ಹೇಳಬೇಕು: ಬಲಿಪೂಜೆಗೆ ಬಂದು ಕೂರಲು ಯಾರಿಗೂ ಅಡ್ಡಿಯಿಲ್ಲ, ಪರಮಪ್ರಸಾದಕ್ಕೆ ಮೊದಲು ಇಂಥವರು ಗುರುಗಳೊಂದಿಗೆ ಮಾತಾಡಬೇಕಾಗುತ್ತದೆ. ಆ ಮಾತುಕತೆಯ ಕೊನೆ ಎಲ್ಲರಿಗೂ ಒಂದೇ ಅಲ್ಲ. ಇಬ್ಬರಿಗೂ ಇದು ಮೊದಲ ಮದುವೆಯಾಗಿದ್ದು ಇಗರ್ಜಿಯಲ್ಲಿ ಆಗದಿರುವುದೊಂದೇ ಕೊರತೆಯಾದರೆ, ಬೇಕಾದ ಅನುಮತಿ ಪಡೆದು ಗುರುಗಳು ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಸಮ್ಮತಿ ಹೇಳಿದರೆ ಮದುವೆ ಸಿಂಧುವಾಗುತ್ತದೆ. ಅದಕ್ಕೆ ಮಂಟಪವೂ ಬೇಡ, ಊಟವೂ ಬೇಡ. ಹಿಂದಿನ ಮದುವೆಯ ಸಂಗಾತಿ ಬದುಕಿದ್ದರೆ ವಿಷಯ ಧರ್ಮಪ್ರಾಂತ್ಯದ ನ್ಯಾಯಮಂಡಳಿಗೆ ಹೋಗಬೇಕಾಗಬಹುದು. ಅದಕ್ಕೆ ಸಮಯ ಹಿಡಿಯುತ್ತದೆ, ತೀರ್ಪು ಇಂಥದೇ ಎಂದು ಯಾರೂ ಮೊದಲೇ ಹೇಳಲಾರರು. ಇಷ್ಟನ್ನು ಮುಚ್ಚಿಡದೆ ಹೇಳಿದರೆ ಜನ ಕೇಳಿಸಿಕೊಳ್ಳುತ್ತಾರೆ.

ಇವೆಲ್ಲ ಸೇರಿದರೆ ಕಾಗದ ಸುಮಾರು ಹೀಗಾಗುತ್ತದೆ. "ಇಂಥ ಶನಿವಾರ ಸಂಜೆ ಐದರಿಂದ ಏಳರವರೆಗೆ ನಮ್ಮ ಇಗರ್ಜಿಯಲ್ಲಿ ಪಾಪನಿವೇದನೆ ಇದೆ. ಹೊರಗಿನಿಂದ ಬಂದ ಇಬ್ಬರು ಗುರುಗಳು ಇರುತ್ತಾರೆ. ಜಾಲರಿಯ ಹಿಂದೆ ಮಂಡಿಯೂರಬಹುದು, ಎದುರು ಕೂರಲೂಬಹುದು. ಪ್ರಾರ್ಥನೆ ಮರೆತಿದ್ದರೆ ಮರೆತಿದೆ ಎನ್ನಿ, ಅಚ್ಚು ಹಾಕಿದ ಚೀಟಿ ಅಲ್ಲೇ ಇದೆ. ಎಷ್ಟು ವರ್ಷವಾಯಿತೆಂದು ಅಂದಾಜು ಹೇಳಿದರೆ ಸಾಕು. ಸುಮ್ಮನೆ ಹಿಂದಿನ ಬೆಂಚಿನಲ್ಲಿ ಕೂತು ಹೋಗಬೇಕೆನಿಸಿದರೂ ಸಂತೋಷ. ಈ ಸಲ ಬರಲಾಗದಿದ್ದರೆ ಮುಂದಿನ ಸಲವೂ ಇದೇ ಕಾಗದ ಬರುತ್ತದೆ." ಗೈರುಹಾಜರಿಯ ಕಾರಣ ಕೇಳುವ ಸಾಲು ಇದರಲ್ಲಿ ಬೇಡ, ಕಳೆದುಹೋದ ಕುರಿಯ ಚಿತ್ರವೂ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ವಂತಿಗೆಯ ಬಾಕಿಯನ್ನು ಇದರ ಜೊತೆ ಸೇರಿಸಬಾರದು. ವಾರ್ಡಿನ ಗುರಿಕಾರರು ಒಂದೇ ಸುತ್ತಿನಲ್ಲಿ ಎರಡೂ ಕೆಲಸ ಮುಗಿಸಲು ಹೊರಟರೆ, ಬಾಗಿಲು ತೆರೆದವರಿಗೆ ಕಾಣುವುದು ರಸೀದಿ ಪುಸ್ತಕ ಮಾತ್ರ. ಕಾಗದವನ್ನು ಬೇರೆ ದಿನ, ಆ ಮನೆಯವರಿಗೆ ಹಿಡಿಸುವ ಬೇರೆಯವರ ಕೈಯಲ್ಲಿ ಕಳಿಸಬೇಕು. ಕೊಟ್ಟವರು ಬರುತ್ತೀರಾ ಎಂದು ಕೇಳದೆ ಹಿಂತಿರುಗಬೇಕು.