ಸಾಲ ಮಂಜೂರಾತಿಯ ಅಧ್ಯಯನದಲ್ಲಿ ರೇಖೀಯ ಸಂಭವನೀಯತಾ ಮಾದರಿ ಮತ್ತು ಲಾಜಿಟ್

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಹೋಬಳಿಯಲ್ಲಿ ಸಾಲ ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬುದನ್ನು ಸಂಶೋಧಕನೊಬ್ಬ ಅರಿಯಬಯಸಿದನೆಂದು ಭಾವಿಸೋಣ. ಅರ್ಜಿ ಮಂಜೂರಾದರೆ 1, ತಿರಸ್ಕೃತವಾದರೆ 0. ಇಂತಹ ಎರಡೇ ಬೆಲೆಗಳುಳ್ಳ ಫಲಿತಾಂಶವನ್ನು ವಿವರಿಸಲು ರೇಖೀಯ ಸಂಭವನೀಯತಾ ಮಾದರಿ ಮತ್ತು ಲಾಜಿಟ್ ಎಂಬ ಎರಡು ಮಾರ್ಗಗಳು ಬಳಕೆಯಲ್ಲಿವೆ. ಪ್ರಾಸಂಗಿಕವಾಗಿ ಹೇಳುವುದಾದರೆ, 'ಲಾಜಿಟ್' ಎಂಬುದನ್ನು ತರ್ಕಕ್ಕೆ ಸಂಬಂಧಿಸಿದ್ದೆಂದು ಭಾವಿಸಿ 'ತಾರ್ಕಿಕ ಮಾದರಿ' ಎಂದು ಅನುವಾದಿಸುವುದು ಸರಿಯಲ್ಲ. ಜೋಸೆಫ್ ಬರ್ಕ್ಸನ್ 1944ರಲ್ಲಿ 'ಪ್ರೊಬಿಟ್' ಎಂಬ ಪದದ ಮಾದರಿಯಲ್ಲಿ ಲಾಜಿಸ್ಟಿಕ್ ವಕ್ರರೇಖೆಗಾಗಿ ಟಂಕಿಸಿದ ಪದವಿದು.

ಎರಡನ್ನೂ ಹೋಲಿಸಲು ಅಮೆರಿಕದ ಬಾಸ್ಟನ್ ಪ್ರದೇಶದ 1990ರ ಗೃಹಸಾಲದ ಅರ್ಜಿಗಳಿಗಿಂತ ಉತ್ತಮ ನಿದರ್ಶನ ವಿರಳ. ಅಲ್ಲಿನ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧಕರು ಸಂಗ್ರಹಿಸಿದ ಈ ಮಾಹಿತಿಯಲ್ಲಿ 2,380 ಅರ್ಜಿಗಳನ್ನು ಸ್ಟಾಕ್ ಮತ್ತು ವಾಟ್ಸನ್ ತಮ್ಮ ಪಠ್ಯದಲ್ಲಿ ವಿಶ್ಲೇಷಿಸಿದ್ದಾರೆ. ಕಪ್ಪು ವರ್ಣೀಯರ ಅರ್ಜಿಗಳಲ್ಲಿ ಶೇ. 28ರಷ್ಟು, ಬಿಳಿಯರ ಅರ್ಜಿಗಳಲ್ಲಿ ಶೇ. 9ರಷ್ಟು ತಿರಸ್ಕೃತವಾಗಿದ್ದವು. ಇದು ವರ್ಣದ ಕಾರಣದಿಂದಲೋ, ವರಮಾನಕ್ಕೆ ಮೀರಿದ ಕಂತಿನ ಹೊರೆಯಿಂದಲೋ ಎಂಬುದು ಪ್ರಶ್ನೆ.

ಅವರು ತಿರಸ್ಕಾರವನ್ನು ಅಳೆದಿದ್ದಾರೆ. ನಾವಿಲ್ಲಿ ಚಿಹ್ನೆಗಳನ್ನು ತಿರುಗಿಸಿ ಮಂಜೂರಾತಿಯನ್ನು ನೋಡೋಣ. ತಿಂಗಳ ವರಮಾನದಲ್ಲಿ ಸಾಲದ ಕಂತುಗಳ ಪಾಲನ್ನು 'ಹೊರೆ' ಎಂದೂ, ಕಪ್ಪು ವರ್ಣೀಯರಿಗೆ ವರ್ಣ = 1, ಬಿಳಿಯರಿಗೆ 0 ಎಂದೂ ಇಟ್ಟುಕೊಂಡರೆ ರೇಖೀಯ ಮಾದರಿ ಹೀಗಾಗುತ್ತದೆ:

ಮಂಜೂರಾತಿಯ ಸಂಭವನೀಯತೆ = 1.091 − 0.559 × ಹೊರೆ − 0.177 × ವರ್ಣ

ಇದರ ಗುಣ ಇದರ ಸರಳತೆಯಲ್ಲಿದೆ. ಹೊರೆ ಸಮನಾಗಿದ್ದರೂ ಕಪ್ಪು ವರ್ಣೀಯರ ಮಂಜೂರಾತಿ ಶೇಕಡಾ 17.7 ಅಂಶಗಳಷ್ಟು ಕಡಿಮೆ ಎಂದು ಗುಣಾಂಕವೇ ಹೇಳುತ್ತದೆ. ಬೇರೆ ಲೆಕ್ಕ ಬೇಕಿಲ್ಲ. ಆದರೆ ಹೊರೆ ಕೇವಲ 0.1 ಇರುವ ಬಿಳಿಯ ಅರ್ಜಿದಾರನಿಗೆ ಇದು ಶೇ. 103.5ರ ಸಂಭವನೀಯತೆಯನ್ನು ಕೊಡುತ್ತದೆ. ನೂರಕ್ಕೆ ನೂರಮೂರು ಅರ್ಜಿಗಳನ್ನು ಮಂಜೂರು ಮಾಡುವ ಬ್ಯಾಂಕು ಎಲ್ಲಿಯೂ ಇಲ್ಲ. ಇನ್ನೊಂದು ತೊಡಕೂ ಇದೆ. ಫಲಿತಾಂಶ 0 ಅಥವಾ 1 ಮಾತ್ರ ಆದುದರಿಂದ ದೋಷದ ಹರವು ಎಲ್ಲೆಡೆ ಒಂದೇ ಆಗಿರದು. ಸಂಭವನೀಯತೆ ಅರ್ಧದ ಬಳಿ ಇದ್ದಾಗ ಹೆಚ್ಚಾಗಿಯೂ ತುದಿಗಳಲ್ಲಿ ಕಡಿಮೆಯಾಗಿಯೂ ಇರುತ್ತದೆ. ಸಾಮಾನ್ಯ ಮಾನಕ ದೋಷವನ್ನು ನಂಬಿದರೆ ತೀರ್ಮಾನ ತಪ್ಪಬಹುದು. ಇದಕ್ಕೆ ಹೊಂದಿಸಿದ ಮಾನಕ ದೋಷವನ್ನೇ ಬಳಸಬೇಕು.

ಲಾಜಿಟ್ ಮೊದಲು ಒಂದು ಅಂಕವನ್ನು ಲೆಕ್ಕಹಾಕುತ್ತದೆ:

ಅಂಕ = 4.13 − 5.37 × ಹೊರೆ − 1.27 × ವರ್ಣ

ಆ ಅಂಕವನ್ನು ವಕ್ರರೇಖೆಯೊಂದು 0 ಮತ್ತು 1ರ ನಡುವಿನ ಸಂಭವನೀಯತೆಯಾಗಿ ಮಾರ್ಪಡಿಸುತ್ತದೆ. ಹೊರೆ 0.1 ಇದ್ದಾಗ ಬಿಳಿಯರಿಗೆ ಶೇ. 97.3, ಕಪ್ಪು ವರ್ಣೀಯರಿಗೆ ಶೇ. 91.1; ಅಂತರ 6.2. ಹೊರೆ 0.3 ಆದಾಗ ಅಂತರ 14.8. ಹೊರೆ 0.5ಕ್ಕೆ ಏರಿದಾಗ 26.6. ರೇಖೀಯ ಮಾದರಿ ಎಲ್ಲರಿಗೂ ಹಂಚಿದ 17.7ರ ಹಿಂದೆ ಅಡಗಿದ್ದುದು ಇದೇ: ಹೊರೆ ಕಡಿಮೆ ಇರುವವನಿಗೆ ವರ್ಣದ ಪೆಟ್ಟು ಸಣ್ಣದು, ಸಾಲ ಸಿಗುವುದೇ ಅನುಮಾನವೆಂಬ ಸ್ಥಿತಿಯವನಿಗೆ ದೊಡ್ಡದು. ಅಂತರ ಹೀಗೆ ಬೆಳೆಯುವುದರಲ್ಲಿ ವಕ್ರರೇಖೆಯ ಆಕಾರದ ಪಾಲೂ ಇದೆ ಎಂಬುದನ್ನು ಮಾತ್ರ ಮರೆಯಲಾಗದು.

ಲಾಜಿಟ್‌ನಲ್ಲಿ ಎಡವುವುದು ಗುಣಾಂಕವನ್ನು ಓದುವಾಗ. 1.27ರ ಇಳಿಕೆಯೆಂದರೆ ಮಂಜೂರಾತಿಗೂ ತಿರಸ್ಕಾರಕ್ಕೂ ಇರುವ ಅನುಪಾತವು 0.28 ಪಟ್ಟಾಗುತ್ತದೆ ಎಂದರ್ಥ. ಇದನ್ನೇ 'ಸಂಭವನೀಯತೆ ಶೇ. 28ಕ್ಕೆ ಇಳಿಯಿತು' ಎಂದು ಬರೆದರೆ ಪ್ರಮಾದ. ಹೊರೆ 0.3 ಇದ್ದಾಗ ಅನುಪಾತ 12.4ರಿಂದ 3.5ಕ್ಕೆ ಕುಸಿದರೂ ಸಂಭವನೀಯತೆ ಶೇ. 92.5ರಿಂದ 77.7ಕ್ಕೆ ಮಾತ್ರ ಇಳಿಯುತ್ತದೆ. ಯಾವುದೋ ಒಂದು ಗುಂಪಿನ ಎಲ್ಲ ಅರ್ಜಿಗಳೂ ಮಂಜೂರಾಗಿದ್ದರೆ ಆ ಗುಂಪಿನ ಗುಣಾಂಕ ನೆಲೆಗೊಳ್ಳದೆ ಅನಂತದತ್ತ ಓಡುತ್ತದೆ. ಗುಣಾಂಕವೂ ಮಾನಕ ದೋಷವೂ ಅಸಹಜವಾಗಿ ದೊಡ್ಡದಾಗಿದ್ದರೆ ಇದನ್ನು ಶಂಕಿಸಬೇಕು. ಹೋಬಳಿ ಮಟ್ಟದ ಸಣ್ಣ ಮಾದರಿಗಳಲ್ಲಿ ಈ ಅಪಾಯ ಹೆಚ್ಚು. ರೇಖೀಯ ಮಾದರಿ ಅಲ್ಲಿಯೂ ಒಂದು ಉತ್ತರವನ್ನು ಕೊಡುತ್ತದೆ.

ಆದರೆ ಮಾದರಿಯ ಆಯ್ಕೆಗಿಂತ ದೊಡ್ಡ ಪ್ರಶ್ನೆಯೊಂದು ಬಾಸ್ಟನ್ನಿನ ಅಂಕಿಗಳಲ್ಲಿಯೇ ಇದೆ. ಅರ್ಜಿದಾರನ ಹಿಂದಿನ ಮರುಪಾವತಿಯ ಚರಿತ್ರೆ ಮೊದಲಾದವುಗಳನ್ನು ಸೇರಿಸಿದೊಡನೆ ರೇಖೀಯ ಮಾದರಿಯ ಅಂತರ 17.7ರಿಂದ 8.4ಕ್ಕೆ ಇಳಿಯಿತು, ಲಾಜಿಟ್‌ನಲ್ಲಿ 6.0 ಆಯಿತು. ಎರಡು ಮಾದರಿಗಳ ನಡುವಿನ ವ್ಯತ್ಯಾಸ 2.4 ಅಂಶಗಳಾದರೆ, ಬಿಟ್ಟುಹೋಗಿದ್ದ ಚರಾಂಶಗಳು ತಂದ ವ್ಯತ್ಯಾಸ 9ಕ್ಕೂ ಮಿಗಿಲು.

ಹಾಗಲವಾಡಿಯ ಸಂಶೋಧಕನಿಗೆ ಈ ಅಂಶವೇ ಮುಖ್ಯ. ತೆಂಗಿನ ತೋಟದವನ ವರಮಾನ ತಿಂಗಳ ಸಂಬಳವಲ್ಲ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಮಾರಿದಾಗ ಕೈಸೇರುವ ಹಣ. ತಿಂಗಳ ಲೆಕ್ಕದ 'ಹೊರೆ' ಅವನಿಗೆ ಹೊಂದದು. ಪಹಣಿ ತೀರಿಹೋದ ತಂದೆಯ ಹೆಸರಿನಲ್ಲಿಯೇ ಉಳಿದಿದ್ದರೆ ಅದನ್ನೂ ಚರಾಂಶವಾಗಿ ದಾಖಲಿಸಬೇಕು. ಹೇಗೂ ಸಿಗದೆಂದು ಅರ್ಜಿಯನ್ನೇ ಹಾಕದೆ ಕೈಸಾಲಕ್ಕೆ ಹೋದವನು ಯಾವ ವಹಿಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಅವನನ್ನು ಎರಡು ಮಾದರಿಗಳೂ ಕಾಣಲಾರವು. ಅಂಥವರ ಮನೆಗಳಿಗೆ ಹೋಗಿ ಕೇಳಿ ಬರೆದುಕೊಂಡ ಮೇಲೆ, ಎರಡು ಮಾದರಿಗಳನ್ನೂ ನಡೆಸಿ, ಲಾಜಿಟ್‌ನ ಫಲವನ್ನು ಎರಡು ಮೂರು ಬಗೆಯ ಅರ್ಜಿದಾರರ ಸಂಭವನೀಯತೆಯಾಗಿ ರೇಖೀಯ ಗುಣಾಂಕದ ಪಕ್ಕದಲ್ಲಿಯೇ ಪ್ರಕಟಿಸುವುದು ಉಚಿತ.